ಹಳೇ ಕಾರು: ಎಕ್ಸ್‌ಚೇಂಜ್‌ಗೆ ಕೊಡೋದಾ, ನಾವೇ ಮಾರೋದಾ?

ಹೊಸ ಕಾರು ನೋಡಲು ಶೋರೂಮಿಗೆ ಹೋದರೆ, ಕೂರುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. "ಸರ್, ಎಕ್ಸ್‌ಚೇಂಜ್‌ಗೆ ಗಾಡಿ ಏನಾದ್ರೂ ಇದೆಯಾ?" ಸುಮ್ನೆ ಮಾತಿಗೆ ಕೇಳಿದ ಹಾಗಿರುತ್ತದೆ. ಆದರೆ ಇದಕ್ಕೆ ನೀವು ಏನು ಉತ್ತರ ಕೊಡುತ್ತೀರಿ ಅನ್ನುವುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿರುತ್ತದೆ. "ಹೌದು, ಇದೆ" ಅಂದ ಕೂಡಲೇ ಎರಡು ಬೇರೆ ಬೇರೆ ವ್ಯಾಪಾರಗಳು ಒಂದೇ ಕಾಗದದ ಮೇಲೆ ಬರುತ್ತವೆ. ಒಂದು, ನೀವು ಹೊಸ ಕಾರು ಕೊಳ್ಳುವುದು. ಇನ್ನೊಂದು, ನೀವು ಹಳೇ ಕಾರು ಮಾರುವುದು. ಎರಡೂ ಕಲಸಿಹೋದ ಮೇಲೆ ಯಾವುದರಲ್ಲಿ ಲಾಭ, ಯಾವುದರಲ್ಲಿ ನಷ್ಟ ಅಂತ ಗೊತ್ತಾಗುವುದು ಕಷ್ಟ.

ಹಾಗಂತ ಎಕ್ಸ್‌ಚೇಂಜ್ ಅಂದರೆ ಮೋಸ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅದೇ ಸರಿಯಾದ ದಾರಿ. ಆದರೆ ಯಾವಾಗ ಸರಿ, ಯಾವಾಗ ಅಲ್ಲ ಅಂತ ತಿಳಿಯಬೇಕಾದರೆ ಮೊದಲು ಒಂದು ಅಂಕಿ ಕೈಗೆ ಸಿಗಬೇಕು. ಆ ಅಂಕಿಯನ್ನು ಶೋರೂಮಿನವರು ತಾವಾಗಿ ಹೇಳುವುದಿಲ್ಲ. ನಾವೇ ಕಳೆದು ತೆಗೆಯಬೇಕು.

ನಿಜವಾಗಿ ಎಷ್ಟು ಕೊಡುತ್ತಿದ್ದಾರೆ?

ಲೆಕ್ಕ ಸುಲಭವಾಗಲಿ ಅಂತ ಹೊಸ ಕಾರಿನ ಪಟ್ಟಿ ಬೆಲೆ 1000 ಅಂತ ಇಟ್ಟುಕೊಳ್ಳೋಣ. ಯಾವ ದೇಶದ ಹಣ ಅನ್ನುವುದು ಇಲ್ಲಿ ಬೇಡ. ನಿಮ್ಮ ಹಳೇ ಕಾರಿಗೆ ಏಳು ವರ್ಷ. ಚೆನ್ನಾಗಿ ಓಡುತ್ತದೆ, ಅಲ್ಲಲ್ಲಿ ಗೀರು ಬಿದ್ದಿದೆ, ಅಷ್ಟೆ.

ಮೊದಲನೇ ಶೋರೂಮಿನಲ್ಲಿ ಗಾಡಿ ನೋಡಿ, "250 ಕೊಡ್ತೀವಿ ಸರ್, ಅದರ ಮೇಲೆ ಎಕ್ಸ್‌ಚೇಂಜ್ ಬೋನಸ್ 20, ಒಟ್ಟು 270" ಅನ್ನುತ್ತಾರೆ. 1000ದಲ್ಲಿ 270 ಕಳೆದರೆ ನೀವು ಕಟ್ಟಬೇಕಾದದ್ದು 730. ಮನೆಗೆ ಬಂದು "ನಮ್ಮ ಗಾಡಿಗೆ 270 ಸಿಕ್ತು" ಅಂತ ಹೇಳಿಕೊಳ್ಳುತ್ತೀರಿ. ಸಿಕ್ಕಿತಾ?

ಅದೇ ಶೋರೂಮಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿ. "ಹಳೇ ಗಾಡಿ ಕೊಡಲ್ಲ ಅಂದ್ರೆ ಈ ಕಾರಿನ ಕೊನೇ ಬೆಲೆ ಎಷ್ಟು?" ಸ್ವಲ್ಪ ಎಳೆದಾಡಿದ ಮೇಲೆ 40 ಡಿಸ್ಕೌಂಟ್ ಕೊಟ್ಟು 960ಕ್ಕೆ ಇಳಿಯುತ್ತಾರೆ ಅಂತಿಟ್ಟುಕೊಳ್ಳಿ. ಈಗ ಕಳೆಯಿರಿ. ಹಳೇ ಗಾಡಿ ಕೊಡದೆ ಹೋದರೆ 960, ಕೊಟ್ಟರೆ 730. ವ್ಯತ್ಯಾಸ 230. ನಿಮ್ಮ ಹಳೇ ಕಾರಿಗೆ ಆ ಶೋರೂಮು ನಿಜವಾಗಿ ಕೊಡುತ್ತಿರುವುದು ಈ 230, 270 ಅಲ್ಲ. ಉಳಿದ 40 ನಿಮಗೆ ಹೇಗೂ ಸಿಗಬೇಕಾಗಿದ್ದ ಡಿಸ್ಕೌಂಟ್. ನಿಮ್ಮದೇ ಹಣವನ್ನು ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದರು, ಅಷ್ಟೇ.

ಎರಡನೇ ಶೋರೂಮಿಗೆ ಹೋಗೋಣ. ಅಲ್ಲಿ ಹಳೇ ಗಾಡಿಗೆ 240 ಮಾತ್ರ, ಬೋನಸ್ ಇಲ್ಲ. ಆದರೆ ಎಕ್ಸ್‌ಚೇಂಜ್ ಮಾಡಿದರೂ ಹೊಸ ಕಾರಿನ ಮೇಲೆ 25 ಡಿಸ್ಕೌಂಟ್ ಉಳಿಯುತ್ತದೆ. ಕಟ್ಟಬೇಕಾದದ್ದು 735. ಹಳೇ ಗಾಡಿಯ ಬೆಲೆಯನ್ನಷ್ಟೇ ನೋಡಿದವರಿಗೆ ಮೊದಲ ಶೋರೂಮು 30 ಜಾಸ್ತಿ ಕೊಡುವ ಹಾಗೆ ಕಾಣುತ್ತದೆ. ನಿಜವಾದ ವ್ಯತ್ಯಾಸ ಬರೀ 5. ಆ 5ನ್ನು ಯಾವುದೋ ಪ್ಯಾಕೇಜಿನ ಹೆಸರಲ್ಲೋ, ನಿಮಗೆ ಬೇಡದ ಸೀಟ್ ಕವರ್ ಹೆಸರಲ್ಲೋ ಸುಲಭವಾಗಿ ವಾಪಸ್ ತೆಗೆದುಕೊಳ್ಳಬಹುದು.

ಹಾಗಾಗಿ ಎಲ್ಲೇ ಹೋದರೂ ಎರಡು ಅಂಕಿ ಬರೆಸಿಕೊಳ್ಳಿ. ಹಳೇ ಗಾಡಿ ಇಲ್ಲದೆ ಕಟ್ಟಬೇಕಾದ ಒಟ್ಟು ಹಣ, ಮತ್ತು ಹಳೇ ಗಾಡಿ ಕೊಟ್ಟ ಮೇಲೆ ಕಟ್ಟಬೇಕಾದ ಒಟ್ಟು ಹಣ. ತೆರಿಗೆ, ನೋಂದಣಿ, ವಿಮೆ, ಬಿಡಿ ಸಾಮಾನು ಎಲ್ಲ ಎರಡರಲ್ಲೂ ಒಂದೇ ಥರ ಇರಬೇಕು. ಒಂದರಲ್ಲಿ ವಿಮೆ ಸೇರಿಸಿ ಇನ್ನೊಂದರಲ್ಲಿ ಬಿಟ್ಟರೆ ಹೋಲಿಕೆ ಹಾಳು. ಸಾಲದ ಮೇಲೆ ಕೊಳ್ಳುವುದಾದರೆ ಬಡ್ಡಿ ದರವೂ ಎರಡರಲ್ಲಿ ಒಂದೇ ಇರಲಿ. ಹಳೇ ಗಾಡಿಗೆ ಧಾರಾಳವಾಗಿ ಕೊಟ್ಟು, ಅದನ್ನು ಬಡ್ಡಿಯಲ್ಲಿ ಎಳೆದುಕೊಳ್ಳುವುದು ಹಳೆಯ ವಿದ್ಯೆ. "ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ ಹೇಳಿ ಸರ್" ಅಂತ ಮಾತು ಶುರುವಾದರೆ ಹುಷಾರಾಗಿರಿ. ತಿಂಗಳ ಕಂತಿನಲ್ಲಿ ಯಾವ ವ್ಯತ್ಯಾಸವನ್ನು ಬೇಕಾದರೂ ಮುಚ್ಚಿಡಬಹುದು.

ಮೊದಲ ಪ್ರಶ್ನೆಗೆ ಏನು ಹೇಳಬೇಕು ಅಂತೀರಾ? ಸುಳ್ಳು ಬೇಕಾಗಿಲ್ಲ. "ಗಾಡಿ ಇದೆ, ಕೊಡೋದೋ ಬೇಡವೋ ಇನ್ನೂ ಯೋಚನೆ ಮಾಡಿಲ್ಲ. ಮೊದಲು ಅದಿಲ್ಲದ ಬೆಲೆ ಕೊಡಿ" ಅಂದರೆ ಸಾಕು. ನಿಜವೂ ಹೌದು.

ಶೋರೂಮು ಕಡಿಮೆ ಯಾಕೆ ಕೊಡುತ್ತದೆ?

ನಿಮ್ಮ ಕಾರನ್ನು ಅವರು ಇಟ್ಟುಕೊಳ್ಳುವುದಿಲ್ಲ, ಮಾರುತ್ತಾರೆ. ಹಾಗಾಗಿ ಅವರ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ. ಈ ಗಾಡಿಯನ್ನು ರಿಪೇರಿ ಮಾಡಿ, ತೊಳೆದು, ಪಾಲಿಶ್ ಮಾಡಿ ನಿಲ್ಲಿಸಿದರೆ ಕೊನೆಗೆ ಎಷ್ಟಕ್ಕೆ ಹೋಗುತ್ತದೆ? ಅದರಲ್ಲಿ ರಿಪೇರಿ ಖರ್ಚು ಕಳೆ, ಲಾಭ ಕಳೆ, ಎರಡು ತಿಂಗಳು ಅಂಗಳದಲ್ಲಿ ನಿಂತರೆ ಆಗುವ ನಷ್ಟ ಕಳೆ, ಕಣ್ಣಿಗೆ ಬೀಳದ ದೋಷಕ್ಕೆ ಅಂತ ಇನ್ನಷ್ಟು ಕಳೆ. ಉಳಿದದ್ದು ನಿಮಗೆ. ಎಷ್ಟೋ ಶೋರೂಮುಗಳು ಹಳೇ ಗಾಡಿಯನ್ನು ತಾವು ಮಾರುವುದೂ ಇಲ್ಲ. ಸೆಕೆಂಡ್ ಹ್ಯಾಂಡ್ ವ್ಯಾಪಾರಿಗೆ ಸಗಟಿನಲ್ಲಿ ಸಾಗಿಸುತ್ತವೆ. ಆಗ ನಿಮ್ಮ ಕಾರಿನ ಮೇಲೆ ಇಬ್ಬರು ಲಾಭ ಮಾಡಬೇಕು.

ಇದನ್ನು ತಿಳಿದರೆ ಒಂದು ಉಪಯೋಗವಿದೆ. ಒಂದು ಬ್ರ್ಯಾಂಡಿನ ಶೋರೂಮಿಗೆ ಅದೇ ಬ್ರ್ಯಾಂಡಿನ ಹಳೇ ಗಾಡಿ ಕೊಟ್ಟರೆ ಸಾಮಾನ್ಯವಾಗಿ ಒಳ್ಳೆ ಬೆಲೆ ಬರುತ್ತದೆ. ಅವರಿಗೆ ಅದನ್ನು ತಮ್ಮಲ್ಲೇ ರಿಪೇರಿ ಮಾಡಿ, ವಾರಂಟಿ ಕೊಟ್ಟು ಮಾರಲು ಸುಲಭ. ಅಪರೂಪದ ಮಾಡೆಲ್ ಒಯ್ದರೆ ಕೊಂಕು ತೆಗೆಯುತ್ತಾರೆ, ಯಾಕೆಂದರೆ ಗಿರಾಕಿ ಯಾವಾಗ ಸಿಗುತ್ತಾನೋ ಅವರಿಗೂ ಗೊತ್ತಿಲ್ಲ.

ಗಾಡಿ ನೋಡಲು ಬರುವವನು ಏನು ನೋಡುತ್ತಾನೆ ಅಂತ ಒಮ್ಮೆ ಪಕ್ಕದಲ್ಲಿ ನಿಂತು ಗಮನಿಸಿ. ಅವನು ಮೊದಲು ಕಾರಿನ ಸುತ್ತ ನಡೆಯುತ್ತಾನೆ, ಕೈಯಲ್ಲಿ ಮೊಬೈಲಿಗಿಂತ ಚಿಕ್ಕ ಮೀಟರ್. ಅದನ್ನು ಬಾಗಿಲಿಗೆ, ಬಾನೆಟ್ಟಿಗೆ, ಛಾವಣಿಗೆ ಮುಟ್ಟಿಸುತ್ತಾ ಹೋಗುತ್ತಾನೆ. ಪೇಂಟ್ ಎಷ್ಟು ದಪ್ಪ ಇದೆ ಅಂತ ಅದು ಮೈಕ್ರಾನ್ ಲೆಕ್ಕದಲ್ಲಿ ತೋರಿಸುತ್ತದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು ಇರುತ್ತದೆ. ಎಲ್ಲ ಕಡೆ 120 ಬಂದು ಎಡಗಡೆ ಹಿಂದಿನ ಬಾಗಿಲಲ್ಲಿ ಮಾತ್ರ 280 ಬಂದರೆ ಅಲ್ಲಿ ಮತ್ತೆ ಪೇಂಟ್ ಆಗಿದೆ ಅಂತ ಅರ್ಥ. 600, 800 ಬಂದರೆ ಒಳಗೆ ಪುಟ್ಟಿ ಮೆತ್ತಿದ್ದಾರೆ, ಅಂದರೆ ಪೆಟ್ಟು ಜೋರಾಗಿಯೇ ಬಿದ್ದಿತ್ತು. ಆಮೇಲೆ ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ವೆಲ್ಡಿಂಗ್ ಚುಕ್ಕೆಗಳು ಸಮನಾಗಿವೆಯಾ ನೋಡುತ್ತಾನೆ. ಬಾನೆಟ್ ಬೋಲ್ಟಿನ ತಲೆಯ ಮೇಲೆ ಪೇಂಟ್ ಕಿತ್ತಿದೆಯಾ ನೋಡುತ್ತಾನೆ. ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಓದುತ್ತಾನೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಟೈರು ಸವೆಯದೆ ಇದ್ದರೂ ರಬ್ಬರ್ ಹಳೆಯದಾದರೆ ನಾಲ್ಕು ಹೊಸ ಟೈರಿನ ಬೆಲೆ ಕಳೆಯುತ್ತಾನೆ.

ಕೊನೆಗೆ ಸ್ಟೀರಿಂಗ್ ಕೆಳಗೆ, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಚುಚ್ಚುತ್ತಾನೆ. ಕೆಲವರು ಬುದ್ಧಿವಂತಿಕೆ ಮಾಡಿ, ಹಿಂದಿನ ದಿನ ಎಂಜಿನ್ ಎಚ್ಚರಿಕೆ ದೀಪವನ್ನು ಸ್ಕ್ಯಾನರಿನಿಂದಲೇ ಆರಿಸಿ ಬಂದಿರುತ್ತಾರೆ. ಇದು ಸಿಕ್ಕಿಬೀಳುತ್ತದೆ. ದೋಷದ ಕೋಡ್ ಅಳಿಸಿದಾಗ ಕಾರು ತನ್ನ ಸ್ವಂತ ತಪಾಸಣೆಗಳನ್ನೆಲ್ಲ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅವು ಮುಗಿಯಲು ಬೇರೆ ಬೇರೆ ಥರ ಒಂದಷ್ಟು ದೂರ ಓಡಿಸಬೇಕು. ಮುಗಿದಿಲ್ಲ ಅಂತ ಸ್ಕ್ಯಾನರ್ ತೋರಿಸಿದರೆ, ನೋಡುವವನು ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಗಾಡಿಯ ಉಳಿದ ಭಾಗವನ್ನೂ ಅನುಮಾನದಿಂದಲೇ ನೋಡುತ್ತಾನೆ.

ಎಕ್ಸ್‌ಚೇಂಜ್‌ಗೆ ಕೊಡುವುದಾದರೆ ದೊಡ್ಡ ರಿಪೇರಿ ಮಾಡಿಸಿ ಕೊಂಡೊಯ್ಯಬೇಡಿ. ನೀವು ಹೊರಗೆ 12 ಖರ್ಚು ಮಾಡಿ ಕ್ಲಚ್ ಹಾಕಿಸಿದರೆ ಅವರು ಬೆಲೆಯಲ್ಲಿ 12 ಏರಿಸುವುದಿಲ್ಲ, ಏರಿಸಿದರೆ ಐದಾರು ಏರಿಸಿಯಾರು. ಅವರಿಗೆ ಅದೇ ಕೆಲಸ ಅಸಲು ಖರ್ಚಿಗೇ ಆಗುತ್ತದೆ. ನೀವೇ ಮಾರುವುದಾದರೂ ದೊಡ್ಡ ಕೆಲಸದ ಹಣ ಪೂರ್ತಿ ವಾಪಸ್ ಬರುವುದು ಅಪರೂಪ. ಆದರೆ ಚಿಕ್ಕ ಕೆಲಸಗಳ ಕಥೆ ಬೇರೆ. ಉರಿಯದ ಬಲ್ಬು, ಸತ್ತ ಬ್ಯಾಟರಿ, ಕಿರುಗುಟ್ಟುವ ವೈಪರ್, ಸೀಟಿನ ವಾಸನೆ, ಇವಿಷ್ಟನ್ನು ಸರಿ ಮಾಡಿಸಿ. ಕೊಳ್ಳಲು ಬಂದವರು ಈ ಸಣ್ಣದನ್ನು ನೋಡಿಯೇ "ಇದನ್ನೇ ನೋಡಿಕೊಂಡಿಲ್ಲ, ಎಂಜಿನ್ ಏನು ನೋಡಿಕೊಂಡಿರ್ತಾರೆ" ಅಂತ ಅಂದುಕೊಳ್ಳುತ್ತಾರೆ.

ನಾವೇ ಮಾರಿದರೆ ಕೈಗೆ ಎಷ್ಟು?

ಇಲ್ಲಿಯೂ ಜನ ತಪ್ಪು ಅಂಕಿ ಹಿಡಿದುಕೊಳ್ಳುತ್ತಾರೆ. ಆನ್‌ಲೈನ್ ಜಾಹೀರಾತಿನಲ್ಲಿ ನಿಮ್ಮದೇ ಮಾಡೆಲ್ 330ಕ್ಕೆ ಇದೆ ಅಂತ ನೋಡಿ, "ಶೋರೂಮಿನವರು 230 ಕೊಟ್ಟು 100 ನುಂಗಿದರು" ಅಂತ ಕೊರಗುತ್ತಾರೆ. 330 ಅಂದರೆ ಮಾರುವವನ ಆಸೆ. ಎಷ್ಟಕ್ಕೆ ಹೋಯಿತು ಅಂತ ಜಾಹೀರಾತು ಹೇಳುವುದಿಲ್ಲ. ಎರಡು ಮೂರು ವಾರ ಅದೇ ಜಾಹೀರಾತುಗಳನ್ನು ಗಮನಿಸಿ. ಬೇಗ ಮಾಯವಾದವು ಯಾವ ಬೆಲೆಗೆ ಇದ್ದವು, ತಿಂಗಳಾದರೂ ಕೊಳೆಯುತ್ತಿರುವವು ಯಾವ ಬೆಲೆಗೆ ಇವೆ ಅಂತ ನೋಡಿದರೆ ಅಂದಾಜು ಸಿಗುತ್ತದೆ. ಅದೇ ವರ್ಷ, ಅದೇ ಮಾಡೆಲಿನ ಅದೇ ಬಗೆ, ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್ ಇರುವುದನ್ನೇ ನೋಡಿ. ಮ್ಯಾನ್ಯುಯಲ್ ಗೇರಿನ ಗಾಡಿ ಇಟ್ಟುಕೊಂಡು ಆಟೋಮ್ಯಾಟಿಕ್ ಬೆಲೆ ನೋಡಿದರೆ ಏನು ಪ್ರಯೋಜನ?

ನಮ್ಮ ಉದಾಹರಣೆಗೆ ಬರೋಣ. 325 ಅಂತ ಹಾಕುತ್ತೀರಿ. ಜನ ಬಂದು ನೋಡಿ, ಚೌಕಾಸಿ ಮಾಡಿ, ಆರನೇ ವಾರದಲ್ಲಿ ಒಬ್ಬರು 290ಕ್ಕೆ ಒಪ್ಪುತ್ತಾರೆ. ಅದರಲ್ಲಿ ಕಳೆಯುವುದು ಇದೆ. ಬ್ಯಾಟರಿ, ಬಲ್ಬು, ತೊಳೆಸಿದ್ದು ಎಲ್ಲ ಸೇರಿ 6. ಜಾಹೀರಾತು ಮತ್ತು ಮೆಕ್ಯಾನಿಕ್ ಕೈಲಿ ಬರೆಸಿದ ತಪಾಸಣೆ ವರದಿಗೆ 2. ಆ ಆರು ವಾರಗಳ ವಿಮೆ, ನಿಲ್ಲಿಸುವ ಜಾಗದ ಖರ್ಚು, ದಿನ ಕಳೆದಂತೆ ಇಳಿಯುವ ಬೆಲೆ ಸೇರಿ 6. ಕೈಗೆ ಉಳಿದದ್ದು 276. ಶೋರೂಮಿನ ನಿಜವಾದ 230ಕ್ಕೆ ಹೋಲಿಸಿದರೆ 46 ಲಾಭ. 100 ಅಲ್ಲ, ಆದರೆ ಕಡಿಮೆಯೂ ಅಲ್ಲ.

ಈ 46 ನಿಮ್ಮ ಸಮಯದ ಕೂಲಿ. ಫೋಟೋ ತೆಗೆಯುವುದು, "ಲಾಸ್ಟ್ ಪ್ರೈಸ್ ಎಷ್ಟು?" ಅನ್ನುವ ಮೆಸೇಜುಗಳಿಗೆ ಉತ್ತರ ಕೊಡುವುದು, ಭಾನುವಾರ ಬರುತ್ತೇನೆ ಅಂದವರು ಬಾರದೆ ಇರುವುದು, ಬಂದವರನ್ನು ಕೂರಿಸಿಕೊಂಡು ಓಡಿಸಿ ತೋರಿಸುವುದು. ಇದಕ್ಕೆಲ್ಲ ಎಷ್ಟು ಗಂಟೆ ಹೋಗುತ್ತದೆ ಅಂತ ಅಂದಾಜು ಮಾಡಿ, 46ನ್ನು ಅದರಿಂದ ಭಾಗಿಸಿ. ಬಂದ ಕೂಲಿ ನಿಮಗೆ ಸಾಕಾ, ಇಲ್ಲವಾ? ಕೆಲವರಿಗೆ ಅದು ಒಳ್ಳೆ ಸಂಪಾದನೆ. ಅಪರಿಚಿತರ ಜೊತೆ ಚೌಕಾಸಿ ಅಂದರೆ ಆಗದವರಿಗೆ ಎರಡರಷ್ಟು ಕೊಟ್ಟರೂ ಬೇಡ. ಎರಡೂ ಸರಿಯೇ.

ಇವೆರಡರ ನಡುವೆ ಒಂದು ದಾರಿ ಇದೆ, ಬಹಳ ಜನ ಅದನ್ನು ಮರೆಯುತ್ತಾರೆ. ಹಳೇ ಕಾರುಗಳನ್ನೇ ಕೊಳ್ಳುವ ಕಂಪನಿಗಳು, ವ್ಯಾಪಾರಿಗಳು ಇದ್ದಾರೆ. ಅವರಿಗೆ ಗಾಡಿ ಕೊಡಲು ನೀವು ಅವರಲ್ಲಿ ಹೊಸದು ಕೊಳ್ಳಬೇಕಿಲ್ಲ. ಅಂಥವರು 245 ಕೊಟ್ಟರು ಅಂದುಕೊಳ್ಳಿ. ಹೊಸ ಕಾರನ್ನು ಮೊದಲ ಶೋರೂಮಿನಲ್ಲಿ 960ಕ್ಕೆ ಕೊಂಡು, ಹಳೆಯದನ್ನು ಇಲ್ಲಿ 245ಕ್ಕೆ ಕೊಟ್ಟರೆ ಕೈಯಿಂದ ಹೋಗುವುದು 715. ಎಕ್ಸ್‌ಚೇಂಜಿನ 730ಕ್ಕಿಂತ 15 ಕಡಿಮೆ, ತಲೆನೋವು ಒಂದು ದಿನದ್ದು. ಆದರೆ ಇಂಥ ಕಡೆ ಆನ್‌ಲೈನಿನಲ್ಲಿ ತೋರಿಸುವ ಮೊದಲ ಬೆಲೆ ನಂಬಬೇಡಿ, ಗಾಡಿ ನೋಡಿದ ಮೇಲೆ ಹೇಳುವುದೇ ಬೆಲೆ. ಅಲ್ಲಿ ಮಾರದೆ ಹೋದರೂ ಪರವಾಗಿಲ್ಲ, ಆ ಬೆಲೆಯನ್ನು ತಗೊಂಡು ಬಂದು ಶೋರೂಮಿನಲ್ಲಿ ತೋರಿಸಿ. ಅದಕ್ಕಿಂತ ಕೆಳಗೆ ಇಳಿಯಬೇಕಾದ ಅಗತ್ಯ ನಿಮಗಿಲ್ಲ ಅಂತ ಅವರಿಗೂ ಗೊತ್ತಾಗುತ್ತದೆ.

ತೆರಿಗೆ ಮತ್ತು ಸಾಲ

ಈ ಎರಡು ವಿಷಯ ಮೇಲಿನ ಲೆಕ್ಕವನ್ನು ತಲೆಕೆಳಗು ಮಾಡಬಲ್ಲವು.

ಕೆಲವು ಕಡೆ ಹೊಸ ಕಾರಿನ ಮಾರಾಟ ತೆರಿಗೆಯನ್ನು, ಹಳೇ ಗಾಡಿಯ ಬೆಲೆ ಕಳೆದು ಉಳಿದ ಮೊತ್ತದ ಮೇಲೆ ಮಾತ್ರ ಹಾಕುತ್ತಾರೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಹೀಗಿದೆ. ಬೇರೆ ಎಷ್ಟೋ ಕಡೆ ಪೂರ್ತಿ ಬೆಲೆಯ ಮೇಲೆಯೇ ತೆರಿಗೆ. ನೀವಿರುವ ಕಡೆ ಕಳೆದು ಹಾಕುತ್ತಾರೆ, ತೆರಿಗೆ 10 ಪರ್ಸೆಂಟ್ ಅಂತಿಟ್ಟುಕೊಳ್ಳಿ. ಎಕ್ಸ್‌ಚೇಂಜ್ ಇಲ್ಲದೆ 960ರ ಮೇಲೆ 96 ತೆರಿಗೆ. ಎಕ್ಸ್‌ಚೇಂಜ್ ಮಾಡಿದರೆ 730ರ ಮೇಲೆ 73. ಅಂದರೆ 23 ಉಳಿಯಿತು, ಶೋರೂಮಿನ ಬೆಲೆ 230ರಿಂದ 253ಕ್ಕೆ ಏರಿದ ಹಾಗೆ. ನೀವೇ ಮಾರಿದರೆ ಬರುವ ಲಾಭ 46ರಿಂದ 23ಕ್ಕೆ ಇಳಿಯುತ್ತದೆ. ಹಳೇ ಕಾರು ಕೊಳ್ಳುವ ಕಂಪನಿಯ 245 ಈಗ ಎಕ್ಸ್‌ಚೇಂಜಿಗಿಂತ ಕೆಳಗೆ ಬಿತ್ತು. ಒಂದು ತೆರಿಗೆ ನಿಯಮದಿಂದ ಉತ್ತರವೇ ಬದಲಾಯಿತು ನೋಡಿ. ಹಾಗಾಗಿ ಈ ಒಂದು ವಿಷಯ ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಸಾಲ. ಹಳೇ ಕಾರಿನ ಮೇಲೆ ಇನ್ನೂ ಸಾಲ ಇದ್ದರೆ ಅದರ ಮಾಲೀಕತ್ವದ ದಾಖಲೆಯಲ್ಲಿ ಸಾಲ ಕೊಟ್ಟವರ ಹಕ್ಕು ದಾಖಲಾಗಿರುತ್ತದೆ. ಬ್ಯಾಂಕಿನಿಂದ, ಇಂಥ ದಿನದವರೆಗೆ ಇಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಅಂತ ಪತ್ರ ಬರೆಸಿಕೊಳ್ಳಿ. ಅವಧಿಗೆ ಮೊದಲೇ ಮುಗಿಸಿದ್ದಕ್ಕೆ ಶುಲ್ಕ ಇದ್ದರೆ ಅದೂ ಅದರಲ್ಲಿರಲಿ. ಶೋರೂಮಿನವರು ಇದನ್ನು ದಿನಾ ಮಾಡುತ್ತಾರೆ, ಬ್ಯಾಂಕಿಗೆ ತಾವೇ ಕಟ್ಟಿ ಉಳಿದದ್ದನ್ನು ನಿಮ್ಮ ಲೆಕ್ಕಕ್ಕೆ ಹಾಕುತ್ತಾರೆ. ನೇರವಾಗಿ ಕೊಳ್ಳುವವರು ಮಾತ್ರ ಹಿಂಜರಿಯುತ್ತಾರೆ. ಹಣ ಕೊಟ್ಟ ಮೇಲೆ ನೀವು ಸಾಲ ತೀರಿಸದೆ ಹೋದರೆ ಅವರ ಗತಿ? ಆ ಭಯ ನ್ಯಾಯವಾದದ್ದೇ. ಇದಕ್ಕೆ ಒಳ್ಳೆಯ ದಾರಿ ಅಂದರೆ ಇಬ್ಬರೂ ಬ್ಯಾಂಕಿಗೆ ಹೋಗಿ, ಅವರ ಹಣದಲ್ಲಿ ಸಾಲದಷ್ಟನ್ನು ಅಲ್ಲೇ ಕಟ್ಟಿಸಿ, ಉಳಿದದ್ದನ್ನು ನೀವು ತಗೊಳ್ಳುವುದು. ಕೊಳ್ಳುವವರಿಗೆ ರಸೀದಿ ಕೈಗೇ ಸಿಗುತ್ತದೆ.

ಸಾಲ ಗಾಡಿಯ ಬೆಲೆಗಿಂತ ಜಾಸ್ತಿ ಇದ್ದರೆ ಇನ್ನೂ ಎಚ್ಚರ ಬೇಕು. ಸಾಲ 280, ಗಾಡಿಗೆ 250. ಶೋರೂಮಿನವರು "ಏನೂ ತೊಂದ್ರೆ ಇಲ್ಲ ಸರ್, ಆ 30 ಹೊಸ ಸಾಲಕ್ಕೆ ಸೇರಿಸೋಣ" ಅನ್ನುತ್ತಾರೆ. ತೊಂದರೆ ಇದೆ. ಕೈಬಿಟ್ಟುಹೋದ ಗಾಡಿಗೆ ಮುಂದಿನ ಐದು ವರ್ಷ ಬಡ್ಡಿ ಕಟ್ಟುತ್ತಾ ಇರುತ್ತೀರಿ. ಹೊಸ ಕಾರು ಮೊದಲ ದಿನದಿಂದಲೇ ತನ್ನ ಬೆಲೆಗಿಂತ ಜಾಸ್ತಿ ಸಾಲ ಹೊತ್ತಿರುತ್ತದೆ. ಇಂಥ ಸಮಯದಲ್ಲಿ ನೀವೇ ಮಾರಿ ಹೆಚ್ಚಿಗೆ ಸಿಗುವ ನಲವತ್ತೈವತ್ತು ಆ 30ರ ಗುಂಡಿಯನ್ನು ಮುಚ್ಚಬಹುದು. ಕಷ್ಟಪಟ್ಟು ಮಾರುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಇಲ್ಲ. ಇಲ್ಲವೇ ಹಳೇ ಗಾಡಿಯನ್ನೇ ಇನ್ನೊಂದು ವರ್ಷ ಓಡಿಸಿ.

ಯಾವ ಗಾಡಿ ಯಾವ ದಾರಿಗೆ

ಬೇಡಿಕೆ ಇರುವ ಮಾಡೆಲ್, ಒಬ್ಬರೇ ಮಾಲೀಕರು, ಸರ್ವಿಸ್ ದಾಖಲೆಗಳೆಲ್ಲ ಫೈಲಿನಲ್ಲಿ, ದೊಡ್ಡ ಪೆಟ್ಟು ಬಿದ್ದಿಲ್ಲ. ಇಂಥದ್ದನ್ನು ನೀವೇ ಮಾರಿ. ಶೋರೂಮಿನವರು ಸರ್ವಿಸ್ ಪುಸ್ತಕಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ, ಮನೆಗೆಂದು ಕೊಳ್ಳುವವರು ಕೊಡುತ್ತಾರೆ. ನಿಮ್ಮ ಜೋಪಾನಕ್ಕೆ ಬೆಲೆ ಸಿಗುವುದು ಅಲ್ಲೇ.

ಹನ್ನೆರಡು ವರ್ಷದ, ಗೇರ್‌ಬಾಕ್ಸ್ ಗುರುಗುಟ್ಟುವ ಗಾಡಿ ಬೇರೆ ಕಥೆ. ಜಾಹೀರಾತಿನಲ್ಲಿ 60 ಅಂತ ಹಾಕಿದರೂ ದೋಷ ಹೇಳಿದ ಮೇಲೆ 45ಕ್ಕೆ ಬಂದು ನಿಲ್ಲುತ್ತದೆ, ಖರ್ಚು ಕಳೆದು 38 ಉಳಿಯುತ್ತದೆ. ಇಲ್ಲಿ ಎಕ್ಸ್‌ಚೇಂಜ್ ಬೋನಸ್ ಕೆಲಸಕ್ಕೆ ಬರುತ್ತದೆ. ಆ ಬೋನಸ್ ಸಾಮಾನ್ಯವಾಗಿ ಹೊಸ ಕಾರಿನ ಮಾಡೆಲಿನ ಮೇಲೆ ನಿಗದಿ ಆಗಿರುತ್ತದೆ, ನಿಮ್ಮ ಹಳೇ ಗಾಡಿ ಎಷ್ಟು ಚೆನ್ನಾಗಿದೆ ಅನ್ನುವುದರ ಮೇಲಲ್ಲ. ಹಾಗಾಗಿ 20 ಬೋನಸ್ ಅನ್ನುವುದು 290ರ ಗಾಡಿಗೆ ಚಿಲ್ಲರೆ, 40ರ ಗಾಡಿಗೆ ಅರ್ಧದಷ್ಟು ಬೆಲೆ. ಶೋರೂಮಿನಲ್ಲಿ ಗಾಡಿ ಇಲ್ಲದೆ 965, ಗಾಡಿ ಕೊಟ್ಟರೆ 925 ಅಂದರೆ ನಿಜವಾದ ಬೆಲೆ 40. ಕಣ್ಣು ಮುಚ್ಚಿ ಕೊಟ್ಟುಬಿಡಿ. ಮುಂದೆ ಗೇರ್‌ಬಾಕ್ಸ್ ಪೂರ್ತಿ ಕೈಕೊಟ್ಟು, ಕೊಂಡವರು ಮನೆ ಬಾಗಿಲಿಗೆ ಬರುವ ಪ್ರಶ್ನೆಯೂ ಇಲ್ಲ.

ಹೊಸ ಕಾರು ಬರುವವರೆಗೆ ಓಡಾಡಲು ಬೇರೆ ಗಾಡಿ ಇಲ್ಲದವರಿಗೂ ಎಕ್ಸ್‌ಚೇಂಜ್ ಅನುಕೂಲ. ಹಳೆಯದನ್ನು ಬಿಟ್ಟು ಹೊಸದರಲ್ಲಿ ಕೂತು ಬರಬಹುದು. ಆದರೆ ಇಲ್ಲೊಂದು ತೊಡಕಿದೆ. ಇವತ್ತು ಗಾಡಿ ನೋಡಿ 250 ಅನ್ನುತ್ತಾರೆ, ಹೊಸ ಕಾರು ಬರುವುದು ಮೂರು ತಿಂಗಳ ಮೇಲೆ. ಡೆಲಿವರಿ ದಿನ ಮತ್ತೆ ನೋಡಿ, "ಈಗ ಮಾರ್ಕೆಟ್ ಬಿದ್ದಿದೆ ಸರ್, 225 ಆಗುತ್ತೆ" ಅಂತಾರೆ. ಹಾರ ಹಾಕಿದ ಹೊಸ ಕಾರು ಎದುರಿಗೆ ನಿಂತಿರುತ್ತದೆ, ಮನೆಯವರೆಲ್ಲ ಬಂದಿರುತ್ತಾರೆ. ಆಗ ಜಗಳ ಆಡುವವರು ಯಾರು? ಬುಕ್ ಮಾಡುವಾಗಲೇ ಬರೆಸಿಕೊಳ್ಳಿ: ಈ ಬೆಲೆ ಯಾವ ದಿನಾಂಕದವರೆಗೆ, ಓಡೋಮೀಟರ್ ಎಷ್ಟರವರೆಗೆ ಏರಬಹುದು, ಏನಾದರೆ ಮಾತ್ರ ಕಡಿಮೆ ಮಾಡುತ್ತೀರಿ. ಅವರು ಬರೆದು ಕೊಡಲು ಒಪ್ಪದಿದ್ದರೆ ಆ 250 ಇನ್ನೂ ಬೆಲೆಯಲ್ಲ, ಬರೀ ಮಾತು. ಕಾಯುವುದು ಹೇಗೂ ತಿಂಗಳುಗಟ್ಟಲೆ ಅಂದರೆ, ಆ ಸಮಯದಲ್ಲಿ ನೀವೇ ಮಾರಲು ನೋಡಿ. ಆಗದಿದ್ದರೆ ಎಕ್ಸ್‌ಚೇಂಜ್ ಇದ್ದೇ ಇದೆ. ಬುಕಿಂಗ್ ಕಾಗದದಲ್ಲಿ ಎಕ್ಸ್‌ಚೇಂಜ್ ಕಡ್ಡಾಯ ಅಂತ ಇಲ್ಲದಿರುವುದನ್ನು ನೋಡಿಕೊಂಡರೆ ಸಾಕು.

ನೀವೇ ಮಾರುವುದಾದರೆ, ಕೊನೇ ದಿನ

ಜಾಹೀರಾತಿನಲ್ಲಿ ದೋಷವನ್ನೂ ಬರೆಯಿರಿ, ಗೀರಿನ ಫೋಟೋ ಹಾಕಿ. ಬರುವವರು ಕಡಿಮೆ ಆಗುತ್ತಾರೆ, ಬಂದವರು ಕೊಳ್ಳುವ ಮನಸ್ಸಿನಿಂದ ಬರುತ್ತಾರೆ. ಓಡಿಸಿ ನೋಡಲು ಬಂದವರ ಲೈಸೆನ್ಸ್ ನೋಡಿ, ಬೇರೆಯವರು ಓಡಿಸಿದರೆ ನಿಮ್ಮ ವಿಮೆ ಅನ್ವಯಿಸುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ನೀವು ಪಕ್ಕದಲ್ಲಿ ಕೂತಿರಲೇಬೇಕು. ಸೀಟು ಬದಲಾಯಿಸುವಾಗ ಎಂಜಿನ್ ಆಫ್ ಆಗಿ ಕೀ ನಿಮ್ಮ ಕೈಯಲ್ಲಿರಲಿ. ನೀವು ಕೆಳಗಿಳಿದು ಸುತ್ತಿ ಬರುವಷ್ಟರಲ್ಲಿ ಗಾಡಿ ಹೊರಟುಹೋದ ಉದಾಹರಣೆಗಳಿವೆ.

ಹಣದ ವಿಷಯದಲ್ಲಿ ಒಂದೇ ನಿಯಮ. ನಿಮ್ಮ ಖಾತೆಗೆ ಬಂದು, ನೀವೇ ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ನೋಡುವವರೆಗೆ ಹಣ ಬಂದಿಲ್ಲ. ಸ್ಕ್ರೀನ್‌ಶಾಟ್, ಎಸ್ಎಂಎಸ್, ಚೆಕ್ಕು ಯಾವುದೂ ಹಣವಲ್ಲ. "ತಪ್ಪಾಗಿ ಜಾಸ್ತಿ ಕಳಿಸಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ" ಅಂದರೆ ಅಲ್ಲಿಗೇ ವ್ಯಾಪಾರ ನಿಲ್ಲಿಸಿ. ಮೊದಲು ಕಳಿಸಿದ್ದು ಆಮೇಲೆ ರದ್ದಾಗುತ್ತದೆ, ನೀವು ವಾಪಸ್ ಹಾಕಿದ್ದು ಹೋಗುತ್ತದೆ.

ಗಾಡಿ ಕೊಡುವಾಗ ಮಾರಾಟದ ಕರಾರು ಎರಡು ಪ್ರತಿ ಇರಲಿ. ಇಬ್ಬರ ಹೆಸರು, ಬೆಲೆ, ಓಡೋಮೀಟರ್ ಓದು, ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಯಿರಿ. ಆ ಸಂಜೆಯೇ ಅವರು ಸಿಗ್ನಲ್ ಹಾರಿಸಿದರೆ ದಂಡ ಯಾರದ್ದು ಅನ್ನುವುದನ್ನು ಆ ಗಂಟೆಯೇ ಹೇಳುತ್ತದೆ. ಮಾಲೀಕತ್ವ ಬದಲಾವಣೆಯ ಅರ್ಜಿಯನ್ನು "ನಾವು ಮಾಡಿಸ್ಕೋತೀವಿ" ಅಂದವರ ಕೈಗೆ ಬಿಡಬೇಡಿ, ಜೊತೆಗೆ ಹೋಗಿ ಸಲ್ಲಿಸಿ. ಸರ್ಕಾರಿ ದಾಖಲೆಯಲ್ಲಿ ಹೆಸರು ನಿಮ್ಮದೇ ಇರುವವರೆಗೆ ದಂಡ, ಟೋಲು, ಅಪಘಾತದ ನೋಟಿಸು ಎಲ್ಲ ನಿಮ್ಮ ವಿಳಾಸಕ್ಕೇ ಬರುತ್ತವೆ. ಬಹಳ ತಿಂಗಳಾದ ಮೇಲೆ ಕೊಂಡವರನ್ನು ಹುಡುಕುವುದು ಸುಲಭವಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟರೂ ಇದು ತಪ್ಪುವುದಿಲ್ಲ. ಗಾಡಿ ವ್ಯಾಪಾರಿಯಿಂದ ವ್ಯಾಪಾರಿಗೆ ಕೈ ಬದಲಾಗುತ್ತಾ ನಿಮ್ಮ ಹೆಸರಲ್ಲೇ ಓಡುತ್ತಿರಬಹುದು. ಗಾಡಿ ಪಡೆದದ್ದಕ್ಕೆ ಶೋರೂಮಿನಿಂದ ಸಹಿ ಇರುವ ಕಾಗದ ತಗೊಳ್ಳಿ, ಒಂದು ತಿಂಗಳ ನಂತರ ಹೆಸರು ಬದಲಾಯಿತಾ ಅಂತ ನೀವೇ ನೋಡಿ.

ಕೀ ಕೊಡುವ ಮೊದಲು ಟೋಲ್ ಟ್ಯಾಗ್ ಕಿತ್ತು ರದ್ದು ಮಾಡಿ. ಸ್ಟೀರಿಯೋದಲ್ಲಿ ಜೋಡಿಸಿದ ಫೋನ್, ನ್ಯಾವಿಗೇಶನ್‌ನಲ್ಲಿರುವ ಮನೆ ವಿಳಾಸ ಅಳಿಸಿ. ಕಾರನ್ನು ಮೊಬೈಲಿನಿಂದ ತೆರೆಯುವ ಆ್ಯಪ್ ಇದ್ದರೆ ನಿಮ್ಮ ಖಾತೆಯಿಂದ ಆ ಕಾರನ್ನು ತೆಗೆದುಹಾಕಿ. ವಿಮಾ ಕಂಪನಿಗೆ ಮಾರಾಟದ ವಿಷಯ ತಿಳಿಸುವಾಗ, ಇಷ್ಟು ವರ್ಷ ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿಗೆ ಪ್ರಮಾಣಪತ್ರ ಕೇಳಿ. ಹಲವು ಕಡೆ ಅದು ಗಾಡಿಯದಲ್ಲ, ನಿಮ್ಮದು, ಹೊಸ ಕಾರಿನ ವಿಮೆಗೆ ಹಾಕಿಕೊಳ್ಳಬಹುದು.